ಕ್ಲಿಕ್ ನೂರು, ಭೇಟಿ ಎಂಬತ್ತು!

ಪ್ರಶ್ನೆ: ಟ್ಯೂಷನ್ ಕೇಂದ್ರವೊಂದರ ಜಾಹೀರಾತಿಗೆ ಗೂಗಲ್ ಆ್ಯಡ್ಸ್ 100 ಕ್ಲಿಕ್ ತೋರಿಸುತ್ತದೆ. ಗೂಗಲ್ ಅನಾಲಿಟಿಕ್ಸ್ ಪ್ರಕಾರ ಆ ಜಾಹೀರಾತಿನಿಂದ ಬಂದ ಸೆಷನ್ 80 ಮಾತ್ರ. ಯಾವ ಲೆಕ್ಕ ತಪ್ಪು?

ಉತ್ತರ: ಎರಡೂ ಸರಿಯಿರಬಹುದು. ಮೊದಲನೆಯದು ಒತ್ತಿದ್ದನ್ನು ಎಣಿಸುತ್ತದೆ, ಎರಡನೆಯದು ಭೇಟಿಯನ್ನು. ಒಬ್ಬರೇ ಹತ್ತು ನಿಮಿಷದಲ್ಲಿ ಎರಡು ಸಲ ಒತ್ತಿದರೆ ಕ್ಲಿಕ್ ಎರಡು, ಸೆಷನ್ ಒಂದೇ.

ಪ್ರಶ್ನೆ: ಪುಟ ತೆರೆದುಕೊಳ್ಳುವ ಮೊದಲೇ ಹಿಂದಿರುಗಿದರೆ?

ಉತ್ತರ: ಕ್ಲಿಕ್ ಆಗಲೇ ಲೆಕ್ಕಕ್ಕೆ ಸೇರಿರುತ್ತದೆ. ಸೆಷನ್ ಎಣಿಸುವ ಕೋಡ್ ಪುಟದೊಳಗೇ ಇರುವುದರಿಂದ, ಪುಟ ತೆರೆಯದೆ ಅದು ಕೆಲಸ ಮಾಡದು.

ಪ್ರಶ್ನೆ: ಜಾಲತಾಣದಲ್ಲೇ ದೋಷವಿದ್ದರೆ ತಿಳಿಯುವುದು ಹೇಗೆ?

ಉತ್ತರ: ಜಾಹೀರಾತಿನಿಂದ ಬಂದವರ ಗುರುತು ವಿಳಾಸಕ್ಕೆ ಅಂಟಿಕೊಂಡು ಬರುವ `gclid`. ಜಾಹೀರಾತಿನಲ್ಲಿ ಕೊಟ್ಟಿರುವ ವಿಳಾಸದ ಕೊನೆಗೆ `?gclid=test` ಸೇರಿಸಿ ತೆರೆಯಿರಿ. ಪುಟ ಬೇರೆ ವಿಳಾಸಕ್ಕೆ ಹೊರಳುವಾಗ ಆ ಗುರುತು ಕಳಚಿಹೋದರೆ, ಭೇಟಿಯಾದರೂ ಅದು ಜಾಹೀರಾತಿನ ಖಾತೆಗೆ ಸೇರದು. ಸರಿಪಡಿಸಬೇಕಾದದ್ದು ಅಲ್ಲೇ.