ನಾಲ್ಕನೆಯ ಮುಳ್ಳು ಮತ್ತು ನಮ್ಮ ಅರ್ಧ ಗಂಟೆ

ಚಳಿಗಾಲದಲ್ಲಿ ನ್ಯೂಜೆರ್ಸಿಯ ಮಗನ ಮನೆಯಲ್ಲಿದ್ದಾಗ, ಕೈಗಡಿಯಾರದ ಜಿಎಂಟಿ ಮುಳ್ಳನ್ನು ಭಾರತದ ವೇಳೆಗೆ ಹೊಂದಿಸಹೊರಟೆ. ದಿನಕ್ಕೊಮ್ಮೆ 24 ಗಂಟೆಗಳ ವೃತ್ತವನ್ನು ಸುತ್ತುವ ಈ ನಾಲ್ಕನೆಯ ಮುಳ್ಳನ್ನು ನನ್ನ ಗಡಿಯಾರದಲ್ಲಿ ಒಂದೊಂದು ಗಂಟೆಯಷ್ಟೇ ಸರಿಸಲು ಸಾಧ್ಯ. ನಿಮಿಷದ ಮುಳ್ಳು ಎರಡೂ ವೇಳೆಗೆ ಒಂದೇ. ಆದರೆ ನಮ್ಮ ದೇಶವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ. ಆ ಅರ್ಧವನ್ನು ಆರಾಗಿಸಿಟ್ಟು, ಊರಿನಲ್ಲಿರುವ ಅಕ್ಕನಿಗೆ ಬೆಳಗಿನ ಆರು ಗಂಟೆಯೆಂದು ಐದೂವರೆಗೇ ಫೋನು ಮಾಡಿ ಬೈಸಿಕೊಂಡೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ಭಾರತೀಯರು ಆ ಮುಳ್ಳನ್ನು ಗ್ರೀನಿಚ್ ವೇಳೆಯಲ್ಲೇ ಇರಿಸಿ, ಐದೂವರೆಯನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುವುದು ಲೇಸು. ಅಲ್ಲಿ ಚಳಿಗಾಲದ ರಾತ್ರಿ ಎಂಟಾದಾಗ ಮುಳ್ಳು 1ರ ಮೇಲಿರುತ್ತದೆ. ಊರಿನಲ್ಲಿ ಆಗ ಮರುದಿನದ ಬೆಳಗಿನ ಆರೂವರೆ. ಈಗ ಅಕ್ಕ ಬೈಯುವುದಿಲ್ಲ. ಕಾಫಿ ಕುಡಿಯುತ್ತಲೇ ಮಾತನಾಡುತ್ತಾಳೆ.