‘ವಿಎಲ್‌ಎಸ್‌ಐ’ ಅನ್ನೋದು ಹುದ್ದೆಯ ಹೆಸರಲ್ಲ

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು ಅಂದ್ರೆ ನಮ್ಮ ಕ್ಯಾಂಪಸ್ಸಿನಿಂದ ಹಳೆಯ ವಿದ್ಯಾರ್ಥಿಗಳಿಗೆ ಮೆಸೇಜುಗಳ ಸುರಿಮಳೆ ಶುರು. ಹೆಚ್ಚಿನವು ಒಂದೇ ಥರ: “ಹಾಯ್ ಸರ್, ವಿಎಲ್‌ಎಸ್‌ಐಗೆ ಒಂದು ಮಾಕ್ ಇಂಟರ್‌ವ್ಯೂ ತಗೋತೀರಾ? ಯಾವಾಗ ಆದ್ರೂ ಓಕೆ.” ಮೆಸೇಜಿನಲ್ಲಿ ವಿನಯ ಇದೆ, ಸರಿ. ಆದರೆ ಓದಿದವರಿಗೆ ಏನು ಕೇಳಬೇಕು, ಯಾವಾಗ ಕೇಳಬೇಕು ಎರಡೂ ಗೊತ್ತಾಗಲ್ಲ. ಯಾವ ಹುದ್ದೆಗೆ ತಯಾರಿ ಅಂತ ಒಂದು ಸಾಲಿನಲ್ಲಿ ಹೇಳದೆ ಮಾಕ್ ಇಂಟರ್‌ವ್ಯೂ ಕೇಳಲೇಬಾರದು ಅನ್ನೋದು ನಮ್ಮ ಅಭಿಪ್ರಾಯ.

ಯಾಕೆ ಅಂತ ಒಂದು ಉದಾಹರಣೆಯಲ್ಲೇ ನೋಡೋಣ. ಇಸಿ ಬ್ರಾಂಚಿನ ಒಬ್ಬಳ ರೆಸ್ಯೂಮೆಯಲ್ಲಿ ‘ಅಸಿಂಕ್ರೋನಸ್ ಫಿಫೊ’ ಪ್ರಾಜೆಕ್ಟ್ ಇದೆ ಅಂದುಕೊಳ್ಳಿ. ಬೇರೆ ಬೇರೆ ಕ್ಲಾಕಿನಲ್ಲಿ ಓಡುವ ಎರಡು ಭಾಗಗಳ ನಡುವೆ ಡೇಟಾ ದಾಟಿಸುವ ಸರ್ಕ್ಯೂಟ್ ಅದು. ಆರ್‌ಟಿಎಲ್ ಡಿಸೈನ್ ಹುದ್ದೆಯಾದರೆ ಬರುವ ಪ್ರಶ್ನೆ, “ಪಾಯಿಂಟರನ್ನು ಗ್ರೇ ಕೋಡಿಗೆ ಯಾಕೆ ಬದಲಾಯಿಸಿದೆ?” ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವುದರಿಂದ ಆಚೆ ಕಡೆಯವರಿಗೆ ಹಳೆಯ ಬೆಲೆ ಇಲ್ಲವೇ ಹೊಸ ಬೆಲೆ ಸಿಗುತ್ತದೆ, ನಡುವಿನ ತಪ್ಪು ಬೆಲೆ ಸಿಗೋದಿಲ್ಲ ಅಂತ ಅವಳು ವಿವರಿಸಬೇಕು. ವೆರಿಫಿಕೇಶನ್ ಹುದ್ದೆಯಾದರೆ ಪ್ರಶ್ನೆಯೇ ಬೇರೆ: “ಫಿಫೊ ತುಂಬಿದಾಗ ಇನ್ನೊಂದು ರೈಟ್ ಬಂದರೆ ಏನಾಗಬೇಕು? ಅದನ್ನು ಹಿಡಿಯೋಕೆ ಯಾವ ಅಸರ್ಷನ್ ಬರೀತೀಯಾ? ಪರೀಕ್ಷೆ ಸಾಕಾಯಿತು ಅಂತ ಹೇಗೆ ಗೊತ್ತಾಗುತ್ತೆ?” ಫಿಸಿಕಲ್ ಡಿಸೈನ್‌ನವರು, ಆ ಎರಡು ಕ್ಲಾಕ್‌ಗಳ ನಡುವಿನ ದಾರಿಗೆ ಟೈಮಿಂಗ್ ಕನ್‌ಸ್ಟ್ರೇಂಟ್ ಏನು ಕೊಡ್ತೀಯಾ ಅಂತ ಕೇಳ್ತಾರೆ.

ಪ್ರಾಜೆಕ್ಟ್ ಒಂದೇ, ಇಂಟರ್‌ವ್ಯೂ ಮೂರು. ಹುದ್ದೆ ಹೇಳದಿದ್ದರೆ ಮೆಂಟರ್ ಮೂರರಿಂದಲೂ ಒಂದೊಂದು ಸುಲಭದ ಪ್ರಶ್ನೆ ಕೇಳಿ, “ಕಾನ್ಫಿಡೆನ್ಸ್ ಚೆನ್ನಾಗಿದೆ, ಬೇಸಿಕ್ಸ್ ನೋಡ್ಕೋ” ಅಂತ ಮುಗಿಸ್ತಾರೆ. ಮೆಂಟರ್ ಕೊಟ್ಟ ಫೀಡ್‌ಬ್ಯಾಕಿನಲ್ಲಿ ನಿಮ್ಮ ಒಂದು ಉತ್ತರದ ಪ್ರಸ್ತಾಪವೂ ಇಲ್ಲದಿದ್ದರೆ ಆ ಮಾಕ್ ಕೆಲಸಕ್ಕೆ ಬರಲಿಲ್ಲ ಅಂತಲೇ ಲೆಕ್ಕ.

“ಒಂದು ಹುದ್ದೆ ಹೇಳಿಬಿಟ್ಟರೆ ಬೇರೆ ಬಾಗಿಲು ಮುಚ್ಚಿದ ಹಾಗಲ್ವಾ? ನಮಗೆ ಯಾವ ಕಂಪನಿ ಬಂದರೂ ಬೇಕು” ಅಂತ ಗೆಳೆಯರು ಕೇಳ್ತಾರೆ. ಈ ಅಂಜಿಕೆ ಸುಳ್ಳಲ್ಲ. ಆದರೆ ಹುದ್ದೆ ಹೇಳೋದು ಆ 45 ನಿಮಿಷಕ್ಕೆ ಮಾತ್ರ. ಮುಂದಿನ ವಾರ ಇನ್ನೊಂದು ಹುದ್ದೆಗೆ ಇನ್ನೊಬ್ಬರನ್ನು ಕೇಳಬಹುದು.

ಇನ್ನು ಮೊದಲೇ ಕಳಿಸಬೇಕಾದ್ದು ಮೂರೇ. ಒಂದು ಪುಟದ ರೆಸ್ಯೂಮೆ, ಪಿಡಿಎಫ್‌ನಲ್ಲಿ. ಹೆಸರು `resume_final_new2.pdf` ಅಂತಿರದೆ ನಿಮ್ಮ ಹೆಸರು, ಹುದ್ದೆ ಇರಲಿ. ಎರಡನೆಯದು ಆ ಹುದ್ದೆಯ ಜಾಬ್ ಡಿಸ್ಕ್ರಿಪ್ಷನ್. ಅರ್ಜಿ ಮುಗಿದ ಮೇಲೆ ಲಿಂಕ್ ತೆರೆಯದೇ ಇರಬಹುದು, ಹಾಗಾಗಿ ಬರಹವನ್ನೇ ಕಾಪಿ ಮಾಡಿ ಹಾಕಿ. ಮೂರನೆಯದನ್ನು ಎಲ್ಲರೂ ಬಿಡ್ತಾರೆ: ನಾಲ್ಕು ಜನರ ಪ್ರಾಜೆಕ್ಟಿನಲ್ಲಿ ನೀವೇ ಮಾಡಿದ್ದು ಯಾವ ಭಾಗ, ಎಲ್ಲಿ ಅಳುಕಿದೆ ಅಂತ ಎರಡು ಸಾಲು. ಇವು ಕನಿಷ್ಠ ಎರಡು ದಿನ ಮುಂಚೆ ತಲುಪಲಿ. ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾತ್ರ ಕಳಿಸಬೇಡಿ, ಆಗ ಅದು ಬಾಯಿಪಾಠ ಒಪ್ಪಿಸುವ ಕಾರ್ಯಕ್ರಮ ಆಗುತ್ತೆ. ರೆಫರಲ್ ಕೇಳೋದನ್ನೂ ಅದೇ ಮೆಸೇಜಿಗೆ ಸೇರಿಸಬೇಡಿ. ಪರೀಕ್ಷೆ ಮಾಡೋಕೆ ಬಂದವರನ್ನು ಮೊದಲೇ ಶಿಫಾರಸಿಗೆ ಕಟ್ಟಿಹಾಕಿದರೆ ಅವರು ಖಡಾಖಂಡಿತವಾಗಿ ಮಾತಾಡೋದು ಕಷ್ಟ.

ಸಮಯದ ವಿಷಯದಲ್ಲಿ “ಯಾವಾಗ ಆದ್ರೂ” ಅಂದರೆ ಹುಡುಕುವ ಕೆಲಸ ಅವರ ತಲೆಗೆ. ಎರಡು ಮೂರು ಹೊತ್ತು ನೀವೇ ಸೂಚಿಸಿ, ಎರಡೂ ಕಡೆಯ ಗಂಟೆ ಬರೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ನಮ್ಮ ರಾತ್ರಿ 9:30 ಅಂದರೆ ಅಕ್ಟೋಬರಿನಲ್ಲಿ ಬೆಳಿಗ್ಗೆ 9. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಮೇಲೆ ಅದೇ 9:30 ಅವರಿಗೆ ಬೆಳಿಗ್ಗೆ 8.

ಎಲ್ಲ ಸೇರಿಸಿದರೆ ಮೆಸೇಜ್ ಇಷ್ಟೇ:

“ನಮಸ್ಕಾರ ಅಕ್ಕ, ನಾನು ಇಸಿ ಏಳನೇ ಸೆಮ್. ಡಿಸೈನ್ ವೆರಿಫಿಕೇಶನ್ ಫ್ರೆಶರ್ ಹುದ್ದೆಯ ಮೊದಲ ಟೆಕ್ನಿಕಲ್ ರೌಂಡಿಗೆ ತಯಾರಾಗ್ತಿದ್ದೀನಿ. 30 ನಿಮಿಷ ಪ್ರಶ್ನೆ, 15 ನಿಮಿಷ ಫೀಡ್‌ಬ್ಯಾಕ್ ಕೊಡೋಕೆ ಆಗುತ್ತಾ? ಶನಿವಾರ ಅಥವಾ ಭಾನುವಾರ ನಮ್ಮ ರಾತ್ರಿ 9:30, ನಿಮಗೆ ಬೆಳಿಗ್ಗೆ 9. ರೆಸ್ಯೂಮೆ, ಜೆಡಿ ಲಗತ್ತಿಸಿದ್ದೀನಿ. ಫಿಫೊ ಪ್ರಾಜೆಕ್ಟಿನಲ್ಲಿ ಟೆಸ್ಟ್‌ಬೆಂಚ್ ನಾನೇ ಬರೆದದ್ದು. ಕವರೇಜ್ ಬಗ್ಗೆ ಕೇಳಿದರೆ ತಡವರಿಸ್ತೀನಿ. ಈ ವಾರ ಬಿಡುವಿಲ್ಲ ಅಂದ್ರೂ ತಿಳಿಸಿ, ಅಕ್ಕ.”

ಇದನ್ನು ಬರೆಯೋಕೆ ಕೂತಾಗ ‘ಹುದ್ದೆ’ ಅನ್ನೋ ಜಾಗದಲ್ಲಿ ಪೆನ್ನು ನಿಂತರೆ ಮಾಕ್ ಇಂಟರ್‌ವ್ಯೂ ಕೇಳುವ ಹೊತ್ತು ಇನ್ನೂ ಬಂದಿಲ್ಲ. ಆಗ ಅದೇ ಸೀನಿಯರ್ ಹತ್ತಿರ, “ಈ ಮೂರು ಹುದ್ದೆಯವರು ದಿನಾ ಮಾಡುವ ಕೆಲಸ ಏನು?” ಅಂತ ಹತ್ತು ನಿಮಿಷದ ಮಾತು ಕೇಳಿ. ಅದಕ್ಕೆ ರೆಸ್ಯೂಮೆ ಬೇಕಾಗಿಲ್ಲ.