ಒಡೆದರೂ ನಿಲ್ಲಬೇಕಾದ ಗಾಜು, ಒಡೆದು ಉದುರಬೇಕಾದ ಗಾಜು

ಕ್ಯಾಸಂಬಳ್ಳಿಯಿಂದ ಕೆಜಿಎಫ್ ಕಡೆಗೆ ಹೋಗುವಾಗ ಮುಂದೆ ಜಲ್ಲಿ ತುಂಬಿದ ಟಿಪ್ಪರ್ ಸಿಕ್ಕರೆ ನಮ್ಮ ಭಾವ ಕಾರನ್ನು ನಿಧಾನ ಮಾಡಿ ದೂರ ಉಳಿಯುತ್ತಾರೆ. ಮೊದಲು ಹಾಗಿರಲಿಲ್ಲ. ಎದುರಿನಿಂದ ಬಂದ ಟಿಪ್ಪರ್‌ನಿಂದ ಹಾರಿದ ಒಂದು ಕಲ್ಲು ಅವರ ಕಾರಿನ ಮುಂದಿನ ಗಾಜಿಗೆ ಬಡಿದ ಮೇಲೆ ಬಂದ ಬುದ್ಧಿ ಅದು. ಗುಂಡು ಹೊಡೆದ ಹಾಗೆ ಸದ್ದಾಯಿತಂತೆ. ಆದರೆ ಗಾಜು ಬೀಳಲಿಲ್ಲ. ಬಡಿದ ಕಡೆ ನಾಲ್ಕಾಣೆಯಷ್ಟು ಅಗಲದ ಗುರುತು, ಅದರ ಸುತ್ತ ಜೇಡರ ಬಲೆಯಂತೆ ಬಿರುಕು. ಹಾಗೇ ಮನೆಗೆ ಓಡಿಸಿಕೊಂಡು ಬಂದರು.

ಎರಡು ತಿಂಗಳ ನಂತರ ಅದೇ ಕಾರು ತೋಟದ ಬದಿಯಲ್ಲಿ ನಿಂತಿತ್ತು. ಕಳೆ ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕ ಕಡಲೆಕಾಳಿನಷ್ಟು ಕಲ್ಲು ಹಾರಿ ಹಿಂದಿನ ಬಾಗಿಲ ಗಾಜಿಗೆ ತಾಗಿತು. ಅಷ್ಟಕ್ಕೇ ಇಡೀ ಗಾಜು ಒಂದೇ ಕ್ಷಣದಲ್ಲಿ ಕಲ್ಲುಪ್ಪಿನ ಮೂಟೆ ಬಿಚ್ಚಿದಂತೆ ಸೀಟಿನ ಮೇಲೆ ಸುರಿಯಿತು. ಭಾವನ ತೀರ್ಮಾನ ತಕ್ಷಣ ಹೊರಬಿತ್ತು: "ಕಂಪನಿಯವರು ಮುಂದೆ ಒಳ್ಳೇ ಗಾಜು ಹಾಕಿ, ಪಕ್ಕಕ್ಕೆ ಕಳಪೆ ಹಾಕವ್ರೆ."

ಈ ಮಾತನ್ನು ನಮ್ಮ ಕಡೆ ತುಂಬ ಜನ ಹೇಳುತ್ತಾರೆ. ಅದು ತಪ್ಪು. ಎರಡೂ ಗಾಜು ತಮಗೆ ಕೊಟ್ಟ ಕೆಲಸವನ್ನೇ ಮಾಡಿವೆ. ಮುಂದಿನದು ಒಡೆದರೂ ಜಾಗ ಬಿಡಬಾರದು, ಪಕ್ಕದ್ದು ಒಡೆದರೆ ಪೂರ್ತಿ ಉದುರಿಬಿಡಬೇಕು. ಯಾವುದು ಯಾವುದೆಂದು ತಿಳಿಯದೆ ನಾವು ವಾಹನ ಹತ್ತುತ್ತಿದ್ದೇವೆ ಎನ್ನುವುದೇ ನನ್ನ ತಕರಾರು.

ಮುಂದಿನ ಗಾಜು ನಿಜಕ್ಕೂ ಒಂದು ಗಾಜಲ್ಲ, ಎರಡು. ಸುಮಾರು ಎರಡೆರಡು ಮಿಲಿಮೀಟರ್ ದಪ್ಪದ ಎರಡು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಬೆಸೆದಿರುತ್ತಾರೆ. ಹಾಳೆಯ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್. ಇದೇ ಲ್ಯಾಮಿನೇಟೆಡ್ ಗಾಜು. ಕಲ್ಲು ಬಡಿದಾಗ ಹೊರಗಿನ ಗಾಜು ಸೀಳುತ್ತದೆ. ಹಾಳೆ ಮಾತ್ರ ಹಿಗ್ಗಿ ಆ ಪೆಟ್ಟನ್ನು ನುಂಗಿಕೊಂಡು ಚೂರುಗಳನ್ನು ಅಂಟಿಸಿಕೊಂಡೇ ಇರುತ್ತದೆ. ಭಾವನ ಕಾರಿನಲ್ಲಿ ಒಳಗಿನ ಗಾಜಿನ ಮೇಲೆ ಕೈ ಆಡಿಸಿ ನೋಡಿದೆ, ನುಣುಪಾಗಿಯೇ ಇತ್ತು. ಬಿರುಕು ಹೊರಗಿನ ಪದರದಲ್ಲೇ ನಿಂತಿತ್ತು.

20 ಎಂಎಂ ಜಲ್ಲಿಯ ಒಂದು ತುಂಡು ಹದಿನೈದು ಗ್ರಾಂ ಇದೆ ಎಂದಿಟ್ಟುಕೊಳ್ಳಿ. ಎರಡೂ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಕಲ್ಲು ಗಾಜಿಗೆ ಬಡಿಯುವ ವೇಗ 120ರ ಹತ್ತಿರ. ಲೆಕ್ಕ ಹಾಕಿದರೆ ಪೆಟ್ಟಿನ ಶಕ್ತಿ ಸುಮಾರು ಎಂಟು ಜೂಲ್. ಯುರೋಪಿನ ನಿಯಮದ ಪರೀಕ್ಷೆಯಲ್ಲಿ ಮುಂದಿನ ಗಾಜಿನ ಮೇಲೆ ಎರಡೂಕಾಲು ಕೆಜಿ ತೂಕದ ಉಕ್ಕಿನ ಗುಂಡನ್ನು ನಾಲ್ಕು ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಅದು ಸುಮಾರು ತೊಂಬತ್ತು ಜೂಲ್. ಗಾಜು ಒಡೆಯಬಹುದು, ಆದರೆ ಐದು ಸೆಕೆಂಡಿನೊಳಗೆ ಗುಂಡು ಆಚೆ ತೂರಿ ಬರಬಾರದು. ಒಡೆಯದಿರುವುದಲ್ಲ, ತೂರಲು ಬಿಡದಿರುವುದೇ ಇಲ್ಲಿನ ಪರೀಕ್ಷೆ. ಬೆಲ್ಟ್ ಹಾಕದೆ ಕೂತವನ ತಲೆ ಒಳಗಿನಿಂದ ಬಡಿದಾಗಲೂ ಅದೇ ಹಾಳೆ ಅವನನ್ನು ಬಾನೆಟ್ ಮೇಲೆ ಎಸೆಯದಂತೆ ತಡೆಯಲು ನೋಡುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಒರಗುವುದೂ ಎಷ್ಟೋ ಕಾರುಗಳಲ್ಲಿ ಇದೇ ಗಾಜಿಗೆ.

ಪಕ್ಕದ ಗಾಜಿನ ಕತೆ ಬೇರೆ. ಎತ್ತಿನ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹುಯ್ಯುತ್ತಾರೆ. ಪಟ್ಟಿ ಕುಗ್ಗಿ ಮರವನ್ನು ಹಿಂಡಿ ಹಿಡಿಯುತ್ತದೆ. ಟಫನ್ಡ್ ಗಾಜಿನಲ್ಲಿಯೂ ಹಿಂಡುವ ಕೆಲಸವೇ, ಆದರೆ ಒಳಗಿನಿಂದ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ರಭಸದ ಗಾಳಿ ಬಿಟ್ಟು ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ತಣಿದು ಕುಗ್ಗುತ್ತಾ ಹೊರಮೈಯನ್ನು ಎಳೆದು ಬಿಗಿ ಮಾಡುತ್ತದೆ. ಹೊರಮೈ ಹಿಂಡಿಕೊಂಡಿರುವುದರಿಂದ ಅಲ್ಲಿ ಬಿರುಕು ಬಾಯಿ ತೆರೆಯುವುದು ಕಷ್ಟ. ಅದಕ್ಕೇ ಈ ಗಾಜು ಅದೇ ದಪ್ಪದ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಅಂಗೈಯಿಂದ ಎಷ್ಟು ಗುದ್ದಿದರೂ ಜಗ್ಗದು.

ಆದರೆ ಆ ಬಿಗಿಯಾದ ಹೊರಪದರದ ಆಳ ಗಾಜಿನ ದಪ್ಪದ ಐದನೇ ಒಂದು ಭಾಗ ಮಾತ್ರ. ನಾಲ್ಕು ಮಿಲಿಮೀಟರ್ ಗಾಜಿನಲ್ಲಿ ಅದು ಮುಕ್ಕಾಲು ಮಿಲಿಮೀಟರ್‌ನ ಆಸುಪಾಸು. ಚೂಪಾದ, ಗಟ್ಟಿಯಾದ ವಸ್ತುವೊಂದು ಅಷ್ಟು ಆಳಕ್ಕೆ ಗೀರಿದರೆ ಮುಗಿಯಿತು. ಒಳಗೆ ಕೂಡಿಟ್ಟ ಎಳೆತ ಬಿಡುಗಡೆಯಾಗಿ ಬಿರುಕು ಕವಲೊಡೆಯುತ್ತಾ ಅಂಚಿನವರೆಗೂ ಓಡುತ್ತದೆ. ಹೀಗೆ ಬೀಳುವ ಚೂರುಗಳು ಉದ್ದ ಕತ್ತಿಯಂತಿರದೆ ಗುಂಡಗೆ, ಮೊಂಡಾಗಿರುತ್ತವೆ. ಐದು ಸೆಂಟಿಮೀಟರ್ ಚೌಕದಲ್ಲಿ ಕನಿಷ್ಠ 40 ಚೂರಾದರೂ ಇರಬೇಕೆಂಬುದು ಅದೇ ಯುರೋಪಿನ ನಿಯಮ. ತರಚು ಗಾಯವಾದೀತು, ಕತ್ತು ಕೊಯ್ಯದು.

ಹಾಗಾದರೆ ಮುಂದಕ್ಕೂ ಇದನ್ನೇ ಹಾಕಿದರೆ? ಮೊದಲು ಹಾಕುತ್ತಿದ್ದರು. ಹಳೇ ಲಾರಿ ಡ್ರೈವರುಗಳನ್ನು ಕೇಳಿ, ಹೇಳುತ್ತಾರೆ. ಕಲ್ಲು ಬಿದ್ದೊಡನೆ ಇಡೀ ಗಾಜು ಹಾಲಿನಂತೆ ಬೆಳ್ಳಗಾಗಿ ರಸ್ತೆಯೇ ಮಾಯ, ಮುಷ್ಟಿಯಿಂದ ಗುದ್ದಿ ತೂತು ಮಾಡಿಕೊಂಡು ಗಾಡಿ ನಿಲ್ಲಿಸುವುದು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ 1990ರ ದಶಕದಲ್ಲಿ ತಿದ್ದುಪಡಿಯಾಗಿ, ಹೊಸ ವಾಹನಗಳ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕೆಂದು ಹೇಳಿದ್ದು ಇದಕ್ಕೇ.

ಕಾಗದದ ಮೇಲೆ ಇದು ಸರಿಯಿದೆ. ಭಾವನ ಜೊತೆ ಗಾಜು ಬದಲಿಸಲು ಕೆಜಿಎಫ್‌ನ ಒಂದು ಅಂಗಡಿಗೆ ಹೋದೆ. ಬಿರುಕು ಅಷ್ಟು ಚಿಕ್ಕದಿದ್ದಾಗಲೇ ಬಂದಿದ್ದರೆ ರಾಳ ತುಂಬಿಸಿ ನಿಲ್ಲಿಸಬಹುದಿತ್ತಂತೆ, ಈಗ ಅಂಚಿನವರೆಗೂ ಹರಿದಿದೆ. ಅಂಗಡಿಯಲ್ಲಿ ಹಳೇ ಮಿನಿ ಲಾರಿಯೊಂದಕ್ಕೆ ಮುಂದಿನ ಗಾಜು ಕೂರಿಸುತ್ತಿದ್ದರು. ಟೊಮೆಟೊ ಮಂಡಿಗೆ ಓಡುವ ಗಾಡಿ. ಗಾಜಿನ ಮೂಲೆಯಲ್ಲಿ ಗುರುತೇ ಇರಲಿಲ್ಲ. "ಇದು ಲ್ಯಾಮಿನೇಟೆಡ್ಡಾ ಅಣ್ಣ?" ಎಂದೆ. "ಗಟ್ಟಿ ಗಾಜು ಸಾ, ಏನೂ ಆಗಲ್ಲ" ಎಂದರು. ಗಟ್ಟಿ ಗಾಜು ಎನ್ನುವುದೇ ಭಯ ಹುಟ್ಟಿಸುವ ಉತ್ತರ. ಅಲ್ಲಿ ಬೇಕಿರುವುದು ಗಟ್ಟಿತನವಲ್ಲ, ಅಂಟಿಕೊಂಡಿರುವ ಗುಣ. ವರ್ಷಕ್ಕೋ ಎರಡು ವರ್ಷಕ್ಕೋ ಎಫ್‌ಸಿಗೆ ಬರುವ ಗಾಡಿಯ ಲೈಟು, ಬ್ರೇಕು ನೋಡುವವರು ಗಾಜಿನ ಮೂಲೆಯ ಮೇಲೂ ಒಂದು ಕಣ್ಣು ಹಾಯಿಸಿದರೆ ಐದು ಸೆಕೆಂಡಿನ ಕೆಲಸ.

ನೀವೂ ನೋಡಬಹುದು. ಮೂಲೆಯ ಮುದ್ರೆಯಲ್ಲಿ ಲ್ಯಾಮಿನೇಟೆಡ್ ಅಥವಾ ಟಫನ್ಡ್ ಎಂದು ಬರೆದಿರುತ್ತದೆ. ಟಫನ್ಡ್ ಬದಲು ಟೆಂಪರ್ಡ್ ಎಂದೂ ಇರಬಹುದು, ಎರಡೂ ಒಂದೇ. ಮುದ್ರೆ ಅಳಿಸಿದ್ದರೆ ಬಾಗಿಲ ಗಾಜನ್ನು ಅರ್ಧ ಇಳಿಸಿ ಮೇಲಿನ ಅಂಚನ್ನು ನೋಡಿ. ಲ್ಯಾಮಿನೇಟೆಡ್ ಆದರೆ ಬಿಸ್ಕತ್ತಿನ ನಡುವಿನ ಕ್ರೀಮಿನಂತೆ ಒಂದು ಗೆರೆ ಕಾಣುತ್ತದೆ. ಟಫನ್ಡ್ ಆದರೆ ಅಂಚು ಒಂದೇ ಸಮ.

ಪಕ್ಕದ ಗಾಜು ಉದುರಬೇಕು ಎಂದೆನಲ್ಲ, ಅದು ಯಾಕೆಂದು 2013ರ ಅಕ್ಟೋಬರ್ 30ರ ಬೆಳಗಿನ ಜಾವ ಗೊತ್ತಾಯಿತು. ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ತಾಗಿ ಹೊತ್ತಿಕೊಂಡಿತು. 45 ಜನ ಸತ್ತರು. ಎಸಿ ಬಸ್ಸಿನ ಕಿಟಕಿ ತೆರೆಯುವುದಿಲ್ಲ. ಬಾಗಿಲ ದಾರಿ ಮುಚ್ಚಿದರೆ ಗಾಜೇ ಬಾಗಿಲು. ಗಾಬರಿಯಲ್ಲಿ ಜನ ಗಾಜಿನ ಮಧ್ಯಕ್ಕೆ ಮೊಣಕೈಯಿಂದ ಗುದ್ದುತ್ತಾರೆ. ಅಲ್ಲಿ ಅದು ಬಾಗಿ ಪೆಟ್ಟನ್ನು ಹಂಚಿಕೊಳ್ಳುತ್ತದೆ. ಮೂಲೆಯ ಹತ್ತಿರ, ಚೂಪು ಮೂತಿಯ ಸುತ್ತಿಗೆಯಿಂದ ಹೊಡೆದರೆ ಹೆಂಗಸರು ಮಕ್ಕಳೂ ಒಡೆಯಬಹುದು.

ನಮ್ಮ ಕಡೆ ನೀರಿನ ಭಯವೂ ಸೇರಿಕೊಂಡಿದೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬರತೊಡಗಿದ ಮೇಲೆ ಕೋಲಾರ ಜಿಲ್ಲೆಯಲ್ಲಿ ವರ್ಷಗಟ್ಟಲೆ ಒಣಗಿದ್ದ ಎಷ್ಟೋ ಕೆರೆಗಳು ತುಂಬಿವೆ. ಏರಿ ಮೇಲಿನ ರಸ್ತೆಗಳು ಮಾತ್ರ ಹಾಗೇ ಇವೆ. ಕಾರು ನೀರಿಗೆ ಬಿದ್ದು ಬಾಗಿಲಿಗೆ ಅರ್ಧ ಮೀಟರ್ ನೀರು ನಿಂತರೂ ಹೊರಗಿನಿಂದ ನೂರು ಕೆಜಿ ಭಾರ ಒತ್ತಿದಂತೆ. ಬಾಗಿಲ ಜೊತೆ ಗುದ್ದಾಡದೆ, ಬೆಲ್ಟ್ ಬಿಚ್ಚಿ, ಮೊದಲು ಗಾಜು ಇಳಿಸಲು ನೋಡಬೇಕು. ಇಳಿಯದಿದ್ದರೆ ಪಕ್ಕದ ಗಾಜು ಒಡೆಯಬೇಕು. ಮುಂದಿನ ಗಾಜಿಗೆ ಹೊಡೆಯುತ್ತಾ ಕೂತರೆ ಬಲೆ ಮೂಡುತ್ತದೆ, ದಾರಿ ಸಿಗುವುದಿಲ್ಲ.

ಇಲ್ಲಿ ಎರಡು ತೊಡಕಿವೆ. ಪಕ್ಕದ ಗಾಜಿಗೆ ಬಿಸಿಲು ತಡೆಯುವ ಫಿಲ್ಮ್ ಅಂಟಿಸಿದ್ದರೆ ಗಾಜು ಒಡೆದರೂ ಚೂರುಗಳು ಫಿಲ್ಮಿಗೆ ಅಂಟಿ ನಿಲ್ಲುತ್ತವೆ, ಕಾಲಿನಿಂದ ಒದ್ದು ತಳ್ಳಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ನಿಲ್ಲಿಸಿದ್ದು ಅಪರಾಧ ತಡೆಯಲೆಂದು, ಆದರೆ ನನಗೆ ಈ ಕಾರಣ ಇನ್ನೂ ಹತ್ತಿರದ್ದು ಅನಿಸುತ್ತದೆ. ಎರಡನೆಯದು, ಸದ್ದು ಕಡಿಮೆ ಮಾಡಲೆಂದು ಕೆಲವು ದುಬಾರಿ ಕಾರುಗಳ ಬಾಗಿಲಿಗೂ ಈಗ ಲ್ಯಾಮಿನೇಟೆಡ್ ಗಾಜು ಬಂದಿದೆ. ಕಾರು ಪಲ್ಟಿಯಾದಾಗ ಅದು ಜನ ಹೊರಗೆ ಎಸೆಯಲ್ಪಡದಂತೆ ತಡೆಯುತ್ತದೆ, ಅಷ್ಟು ಒಳ್ಳೆಯದೇ. ಆದರೆ ಅಮೆರಿಕದ ವಾಹನ ಸವಾರರ ಸಂಘ 'ಎಎಎ' 2019ರಲ್ಲಿ ಆರು ಬಗೆಯ ಗಾಜು ಒಡೆಯುವ ಸಾಧನಗಳನ್ನು ಪರೀಕ್ಷಿಸಿತು. ಟಫನ್ಡ್ ಗಾಜನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜಿನಿಂದ ದಾರಿ ಮಾಡಲು ಒಂದಕ್ಕೂ ಆಗಲಿಲ್ಲ. ಅಂಥ ಕಾರಿನಲ್ಲಿ ಯಾವ ಗಾಜು ಟಫನ್ಡ್ ಎಂದು, ಬಹುಶಃ ಹಿಂದಿನದು, ಮೊದಲೇ ನೋಡಿಟ್ಟುಕೊಳ್ಳಬೇಕು.

ಭಾವ ಈಗ ಚಿಕ್ಕ ಸುತ್ತಿಗೆಯೊಂದನ್ನು ಡ್ರೈವರ್ ಬಾಗಿಲ ಜೇಬಿನಲ್ಲಿ ಇಟ್ಟಿದ್ದಾರೆ. ಡಿಕ್ಕಿಯಲ್ಲಿಟ್ಟರೆ ಕೈಗೆಟುಕದು ಎಂದು ಜಗಳವಾಡಿ ಅಲ್ಲಿಗೆ ತಂದೆ. ಕಳೆದ ವಾರ ರಾತ್ರಿ ಬಸ್ಸಿನಲ್ಲಿ ಹೊರಟಾಗ ಚಟ ಬಿಡಲಾಗದೆ ಕಿಟಕಿಗಳನ್ನು ಎಣಿಸಿದೆ. ಸುತ್ತಿಗೆ ಸಿಕ್ಕಿಸುವ ಕೆಂಪು ಹಿಡಿಕೆ ನಾಲ್ಕಿದ್ದವು, ಸುತ್ತಿಗೆ ಒಂದೂ ಇರಲಿಲ್ಲ. ಕ್ಲೀನರ್ ಹುಡುಗನನ್ನು ಕೇಳಿದೆ.

"ಜನ ಕದ್ಕೊಂಡ್ ಹೋಗ್ತಾರೆ ಅಣ್ಣ," ಅಂದ. "ಅದಕ್ಕೆ ಎಲ್ಲಾ ತೆಗೆದು ಕೆಳಗೆ ಲಗೇಜ್ ಡಿಕ್ಕಿಯಲ್ಲಿ ಬೀಗ ಹಾಕಿಟ್ಟಿದ್ದೀವಿ."